ಜಂಟಿ ವ್ಯಾಪಾರದ ಲೆಕ್ಕ: ಪಾಲುಗಾರ ಕೊಡಬೇಕಾದ್ದು ಎಷ್ಟು?

ಪ್ರಶ್ನೆ (ಬ್ಯಾಡಗಿಯ ವ್ಯಾಪಾರಿ): ನಾನು, ಬೆಂಗಳೂರಿನ ಒಬ್ಬ ವ್ಯಾಪಾರಿ ಸೇರಿ ಒಂದೇ ಒಂದು ಲಾಟ್ ಒಣ ಮೆಣಸಿನಕಾಯಿ ಮಾಡಿದೆವು. ಲಾಭ-ನಷ್ಟ ಸಮಪಾಲು. 30 ಕ್ವಿಂಟಲ್ ಖರೀದಿಗೆ ನಾನು 6,00,000 ಹಾಕಿದೆ. ಶುರುವಿನಲ್ಲೇ ಅವರು ನನಗೆ 2,00,000 ಕಳಿಸಿದ್ದರು. ಲಾರಿ, ಹಮಾಲಿ, ಕೋಲ್ಡ್ ಸ್ಟೋರೇಜ್ ಅಂತ ಅವರ ಕೈಯಿಂದ 37,000 ಹೋಗಿದೆ. 26 ಕ್ವಿಂಟಲ್ ಮಾರಿ 6,50,000 ಅವರೇ ಪಡೆದಿದ್ದಾರೆ. ಮಾರಾಟದ ಮೇಲೆ ಶೇ. 2 ಕಮಿಷನ್ ಅವರಿಗೆ ಅಂತ ಮೊದಲೇ ಮಾತಾಗಿತ್ತು. 2 ಕ್ವಿಂಟಲ್ ನಾನು ನನ್ನ ಅಂಗಡಿಗೆ ಇಟ್ಟುಕೊಂಡೆ. ಈಗ ಅವರು "ಲಾಭವೇ ಇಲ್ಲ, ನಿಮ್ಮ ಬಾಕಿ 4,00,000 ಕಳಿಸ್ತೀನಿ" ಅಂತಾರೆ. ನನಗೆ ಇನ್ನೂ ಜಾಸ್ತಿ ಬರಬೇಕು ಅನ್ನಿಸ್ತಿದೆ. ಯಾರ ಲೆಕ್ಕ ಸರಿ?

ರಾಣೆಬೆನ್ನೂರಿನ ಬೀಜದ ವ್ಯಾಪಾರಿ: ಅಣ್ಣಾ, ಅವರೂ ಪಾಲುಗಾರರೇ ಅಲ್ವಾ, ಕಮಿಷನ್ ಯಾಕೆ? ಅದನ್ನು ತೆಗೆದುಹಾಕಿ. ಬಂದ 6,50,000ದಲ್ಲಿ 6,37,000 ಖರ್ಚು ಕಳೆದರೆ 13,000 ಲಾಭ. ನಿಮಗೆ 6,500 ಸೇರಿಸಿ ಕೊಡಲಿ.

ತುಮಕೂರಿನ ಸದಸ್ಯ: ನಾನೂ ಸ್ನೇಹಿತನ ಜೊತೆ ಸೈಟ್ ತಗೊಂಡು ಮನೆ ಕಟ್ಟಿ ಮಾರ್ತಿದ್ದೀನಿ. ಇದಕ್ಕೆ ಪಾಲುದಾರಿಕೆ ಸಂಸ್ಥೆ ಅಂತ ನೋಂದಣಿ ಮಾಡಿಸಲೇಬೇಕಂತೆ, ನಿಜವಾ?

ಧಾರವಾಡದ ಲೆಕ್ಕಪರಿಶೋಧಕಿ: ಮೊದಲು ಬ್ಯಾಡಗಿಯವರಿಗೆ ಹೇಳ್ತೀನಿ. ನಿಮ್ಮ ಪಾಲುಗಾರರ ಲೆಕ್ಕ ತಪ್ಪಿದೆ. ಆದರೆ ನಿಮಗೆ ಬರಬೇಕಾದ್ದು ಅವರು ಹೇಳಿದ್ದಕ್ಕಿಂತ ಕಡಿಮೆ.

ಲಾಭ ತೆಗೆಯೋಕೆ ಒಂದು ಹಾಳೆ ಬೇರೆ ಇಡಿ. ಅದರಲ್ಲಿ ಯಾರ ಕೈಯಿಂದ ಹೋಯಿತು ಅನ್ನೋದು ಮುಖ್ಯವಲ್ಲ, ಲಾಟ್‌ಗೆ ಏನು ಖರ್ಚಾಯಿತು, ಲಾಟ್‌ನಿಂದ ಏನು ಬಂತು ಅಷ್ಟೇ. ಖರ್ಚು: ಖರೀದಿ 6,00,000, ಅವರ ಖರ್ಚು 37,000, ಕಮಿಷನ್ 13,000. ಒಟ್ಟು 6,50,000. ಕಮಿಷನ್ ಮಾತಾಗಿದ್ದರೆ ಅದು ಲಾಟ್‌ನ ಖರ್ಚೇ. ಮಾರುವ ಕೆಲಸಕ್ಕೆ ಅವರು ಪಡೆದ ಕೂಲಿ ಅದು, ಲಾಭದ ಪಾಲು ಬೇರೆ. ಮಾತಾಗಿರದಿದ್ದರೆ ಮಾತ್ರ ರಾಣೆಬೆನ್ನೂರಿನವರು ಹೇಳಿದ ಹಾಗೆ ಬಿಡಬೇಕಿತ್ತು.

ಬಂದದ್ದು: ಮಾರಾಟ 6,50,000. ನಿಮ್ಮ ಪಾಲುಗಾರರು ಇಲ್ಲಿಗೇ ನಿಲ್ಲಿಸಿದ್ದಾರೆ. ನೀವು ಇಟ್ಟುಕೊಂಡ 2 ಕ್ವಿಂಟಲ್ ಎಲ್ಲಿ? ಅದೂ ಮಾರಾಟದ ಹಾಗೆಯೇ. ಖರೀದಿ ದರ 20,000 ಹಿಡಿದರೆ 40,000. ಹಾಗಾಗಿ ಒಟ್ಟು ಬಂದದ್ದು 6,90,000, ಲಾಭ 40,000, ತಲಾ 20,000.

ಈಗ ನಿಮ್ಮ ಪುಸ್ತಕದಲ್ಲಿ ಅವರ ಹೆಸರಿನ ಖಾತೆಗೆ ಬನ್ನಿ. ಅಲ್ಲಿ ನಿಮ್ಮ ಕೈಯಿಂದ ಆದದ್ದು ಮತ್ತು ನಿಮ್ಮ ಪಾಲಿನ ಲಾಭ ಮಾತ್ರ ಬರುತ್ತೆ. ಡೆಬಿಟ್ ಕಡೆ 6,00,000 ಮತ್ತು ಲಾಭ 20,000. ಕ್ರೆಡಿಟ್ ಕಡೆ ಅವರು ಕಳಿಸಿದ 2,00,000 ಮತ್ತು ನೀವು ಇಟ್ಟುಕೊಂಡ ಮಾಲು 40,000. ಬಾಕಿ 3,80,000. ಮಾಲಿನ ಆ 40,000 ನಿಮ್ಮ ಅಂಗಡಿಯ ಖರೀದಿ ಖಾತೆಗೆ ಡೆಬಿಟ್ ಆಗಬೇಕು, ಇಲ್ಲದಿದ್ದರೆ ಅದನ್ನು ಮಾರಿದಾಗ ಪೂರ್ತಿ ಹಣ ಲಾಭದ ಹಾಗೆ ಕಾಣುತ್ತೆ.

ಅವರ ಕಡೆಯಿಂದಲೂ ತಾಳೆ ನೋಡಿ. ಕೈಗೆ ಬಂದ 6,50,000ದಲ್ಲಿ 37,000, 13,000, ಲಾಭ 20,000, ನಿಮಗೆ ಮೊದಲೇ ಕೊಟ್ಟ 2,00,000 ಕಳೆಯಿರಿ. ಅದೇ 3,80,000. ಎರಡೂ ಪುಸ್ತಕದ ಬಾಕಿ ಒಂದೇ ಬರದಿದ್ದರೆ ಎಲ್ಲೋ ಒಂದು ಚೀಟಿ ಬಿಟ್ಟುಹೋಗಿದೆ ಅಂತಲೇ ಅರ್ಥ. ಆ 2,00,000 ಲಾಭದ ಹಾಳೆಗೆ ಬರಲೇಬಾರದು ಅನ್ನೋದನ್ನೂ ಗಮನಿಸಿ. ನಿಮ್ಮಿಬ್ಬರ ನಡುವೆ ಓಡಾಡಿದ ಹಣದಿಂದ ಲಾಟ್‌ಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ತುಮಕೂರಿನವರೇ, ಪಾಲುದಾರಿಕೆ ಸಂಸ್ಥೆಗೇ ನೋಂದಣಿ ಕಡ್ಡಾಯವಿಲ್ಲ, ಮಾಡಿಸದಿದ್ದರೆ ಕೋರ್ಟಿನಲ್ಲಿ ಹಕ್ಕು ಕೇಳೋದು ಕಷ್ಟ. ಕಟ್ಟಡದ ಕೆಲಸ ತಿಂಗಳುಗಟ್ಟಲೆ ನಡೆಯುತ್ತೆ, ಹಾಗಾಗಿ ಜಂಟಿ ಬ್ಯಾಂಕ್ ಖಾತೆ, ಬೇರೆಯೇ ಪುಸ್ತಕ ಇಡಿ. ತೆರಿಗೆಗೆ ನಿಮ್ಮ ಒಪ್ಪಂದದ ಪತ್ರ ನೋಡದೆ ಹೇಳಲಾರೆ.

ರಾಣೆಬೆನ್ನೂರಿನ ಬೀಜದ ವ್ಯಾಪಾರಿ: ಮಾಲಿನದು ನನಗೆ ಹೊಳೆದಿರಲಿಲ್ಲ. ಆದರೆ 26 ಮಾರಿದ್ದು, 2 ಇಟ್ಟುಕೊಂಡಿದ್ದು, ಇನ್ನೆರಡು ಕ್ವಿಂಟಲ್ ಎಲ್ಲಿ ಮೇಡಂ?

ಬ್ಯಾಡಗಿಯ ವ್ಯಾಪಾರಿ: ತೊಟ್ಟು, ಬಿಳಿಗಾಯಿ ತೆಗೆದದ್ದು, ಒಣಗಿದ್ದು ಎಲ್ಲಾ ಸೇರಿ ಅಷ್ಟು ಕಡಿಮೆ ಆಯಿತು.

ಧಾರವಾಡದ ಲೆಕ್ಕಪರಿಶೋಧಕಿ: ಅದು ಸಹಜವಾಗಿ ಆಗುವ ತೂಕ ಇಳಿಕೆಯಾದರೆ ಬೇರೆ ನಮೂದು ಬೇಡ. ಉಳಿದ ಮಾಲಿನ ಬೆಲೆಯೊಳಗೇ ಸೇರಿಹೋಗುತ್ತೆ. ಆದರೆ ಕೋಲ್ಡ್ ಸ್ಟೋರೇಜಿಗೆ ಹಾಕುವಾಗಿನ, ತೆಗೆಯುವಾಗಿನ ತೂಕದ ಚೀಟಿ ಇಬ್ಬರೂ ನೋಡಿ.

ಬ್ಯಾಡಗಿಯ ವ್ಯಾಪಾರಿ: ಧನ್ಯವಾದ ಮೇಡಂ. ಹಾಳೆ ಅವರಿಗೆ ಕಳಿಸಿದೆ. ಬಿಟ್ಟುಹೋದದ್ದನ್ನು ಒಪ್ಪಿದ್ದಾರೆ, ಆದರೆ 2 ಕ್ವಿಂಟಲ್‌ಗೆ 25,000 ದರ ಹಿಡಿಯಿರಿ ಅಂತಾರೆ, ಅವರು ಮಾರಿದ್ದೇ ಆ ದರಕ್ಕಂತೆ.

ಧಾರವಾಡದ ಲೆಕ್ಕಪರಿಶೋಧಕಿ: ಆಗ ಮಾಲು 50,000, ಲಾಭ 50,000, ನಿಮ್ಮ ಪಾಲು 25,000, ಬಾಕಿ 3,75,000. ಮಾಲಿನ ಬೆಲೆ 10,000 ಏರಿದರೂ ನಿಮಗೆ ಹೊರೆ 5,000 ಮಾತ್ರ, ಉಳಿದರ್ಧ ಲಾಭವಾಗಿ ನಿಮಗೇ ಬರುತ್ತೆ. ಯಾವ ದರ ಅನ್ನೋದನ್ನು ನಾನು ತೀರ್ಮಾನಿಸಲಾಗದು. ಅದು ನೀವಿಬ್ಬರೂ ಒಪ್ಪಬೇಕಾದ ಮಾತು. ಚೀಲ ಎತ್ತಿದ ದಿನದ ಮಾರುಕಟ್ಟೆ ದರ ಕೇಳಿ ನೋಡಿ.

ಬ್ಯಾಡಗಿಯ ವ್ಯಾಪಾರಿ: ಮಾಲು ಬಂದ ದಿನವೇ ಎರಡು ಕ್ವಿಂಟಲ್ ಪಕ್ಕಕ್ಕಿಟ್ಟಿದ್ದೆ. ಅವರು ಹೇಳೋದು, ನಾನು ತಿಳಿಸಿದ್ದು ತಿಂಗಳ ಮೇಲೆ, ಆ ದಿನದ ದರವೇ ಲೆಕ್ಕ ಅಂತ. ನಾಳೆ ಮಾತಾಡ್ತೀವಿ.