ಬ್ರಿಡ್ಜ್ ಬರೆದರೂ ಮೂರನೆಯ ಚರಣದಂತೆಯೇ ಕೇಳಿಸುತ್ತಿದೆ, ತಪ್ಪು ಎಲ್ಲಿದೆ?

ಮಳೆಗಿಟಾರ್:
ಎಲ್ಲರಿಗೂ ನಮಸ್ಕಾರ. ಗಿಟಾರ್ ಹಿಡಿದು ಒಂದು ಹಾಡು ಕಟ್ಟುತ್ತಿದ್ದೇನೆ. ಯಾರಿಗೂ ಹೇಳದೆ ಊರು ಬಿಟ್ಟು ಹೋದ ಅಣ್ಣನನ್ನು ನೆನೆದು ತಂಗಿ ಹಾಡುವ ಹಾಡು. ಚರಣ ಎಂಟು ಬಾರ್, ಪಲ್ಲವಿ ಎಂಟು ಬಾರ್. ಎರಡಕ್ಕೂ ಇದೇ ಸುತ್ತು, ಬಾರಿಗೊಂದು ಕಾರ್ಡ್:

```
| G | D | Em | C |
```

ಪಲ್ಲವಿ ಹೀಗಿದೆ:

ಬಾಗಿಲು ತೆರೆದೇ ಇತ್ತು, ನೀನು ಹೇಳದೆ ಹೋದೆ
ಮಳೆ ನಿಂತಿರಲಿಲ್ಲ ಇನ್ನೂ, ನೀನು ನಿಲ್ಲದೆ ಹೋದೆ

ಎರಡು ಚರಣ, ಎರಡು ಸಲ ಪಲ್ಲವಿ ಮುಗಿಯುವಷ್ಟರಲ್ಲಿ ಕೇಳುವವರಿಗೆ ಸಾಕೆನಿಸುತ್ತದೆ. ಅದಕ್ಕೇ ಕೊನೆಯ ಪಲ್ಲವಿಗೆ ಮುಂಚೆ ಬ್ರಿಡ್ಜ್ ಹಾಕಿದೆ. ಕಾರ್ಡ್‌ಗಳನ್ನು Em, C, G, D ಎಂದು ತಿರುಗಿಸಿ, "ದಿನಗಳು ಉರುಳಿದವು, ನೆನಪುಗಳು ಉಳಿದವು, ನಿನ್ನ ದಾರಿ ನೋಡಿ ಕಣ್ಣು ದಣಿದವು" ಎಂದು ಹಾಡಿದೆ. ಕೇಳಿದ ಗೆಳತಿ "ಇನ್ನೊಂದು ಚರಣ ಯಾಕೆ ಸೇರಿಸಿದೆ?" ಎಂದಳು. ಏನು ಮಾಡಲಿ?

ತಂತಿಮನೆ:
ಬ್ರಿಡ್ಜ್ ಸ್ವಲ್ಪ ಎತ್ತರವಾಗಿದ್ದರೆ ಮೇಲಿನ ಮನೆಗಳಲ್ಲಿ ಶ್ರುತಿ ಕೆಡುತ್ತದೆ. ಸ್ಯಾಡಲ್ ತೆಗೆದು ಅದರ ತಳವನ್ನು ಮರಳು ಕಾಗದದಲ್ಲಿ ಸ್ವಲ್ಪ ಸ್ವಲ್ಪವೇ ಉಜ್ಜಿ. ಒಮ್ಮೆಗೇ ಹೆಚ್ಚು ಉಜ್ಜಬೇಡಿ, ತಂತಿ ಜುಂಯ್ ಎನ್ನಲು ಶುರುವಾಗುತ್ತದೆ.

ಮಳೆಗಿಟಾರ್:
ಸರ್, ನಾನು ಕೇಳಿದ್ದು ಹಾಡಿನ ಬ್ರಿಡ್ಜ್. ಗಿಟಾರಿನದು ಚೆನ್ನಾಗಿಯೇ ಇದೆ.

ತಂತಿಮನೆ:
ಓ, ಕ್ಷಮಿಸಿ. ಶೀರ್ಷಿಕೆಯಲ್ಲಿ ಬ್ರಿಡ್ಜ್ ಕಂಡೊಡನೆ ಉಳಿದದ್ದನ್ನು ಓದಲೇ ಇಲ್ಲ.

ವೇದಿಕೆಹುಲಿ:
ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕೊನೆಯ ಪಲ್ಲವಿಯನ್ನು ಒಂದು ಸ್ವರ ಮೇಲೆ, A ಯಲ್ಲಿ ಹಾಡಿ. ಹಾಡು ತಾನಾಗಿ ಹೊಸದಾಗುತ್ತದೆ. ನಮ್ಮ ತಂಡದಲ್ಲಿ ಎಲ್ಲ ಹಾಡಿಗೂ ಹೀಗೆಯೇ ಮಾಡುತ್ತೇವೆ, ಚಪ್ಪಾಳೆ ಖಚಿತ.

ಹಳೆಯ ಕೀಬೋರ್ಡ್:
ವೇದಿಕೆಹುಲಿಯವರ ಉಪಾಯ ವೇದಿಕೆಯಲ್ಲಿ ಕೆಲಸ ಮಾಡುತ್ತದೆ, ಇಲ್ಲವೆನ್ನುವುದಿಲ್ಲ. ಇಪ್ಪತ್ತು ವರ್ಷ ಆರ್ಕೆಸ್ಟ್ರಾದಲ್ಲಿ ನುಡಿಸುವಾಗ ನಾನೂ ಅದನ್ನೇ ಮಾಡಿದ್ದೇನೆ. ಆದರೆ ಅದು ಅದೇ ಮನೆಯನ್ನು ಒಂದು ಮೆಟ್ಟಿಲು ಮೇಲಕ್ಕೆತ್ತಿದಂತೆ. ಮನೆಯಿಂದ ಹೊರಗೆ ಹೋಗಿ ಬಂದ ಅನುಭವ ಅದರಲ್ಲಿ ಸಿಗುವುದಿಲ್ಲ. A ಗೆ ಏರುವುದಾದರೆ ಬ್ರಿಡ್ಜ್ D ಯಲ್ಲಿ ಅಲ್ಲ, E ಯಲ್ಲಿ ಮುಗಿಯಬೇಕು. ಪಲ್ಲವಿಯ ಅತಿ ಎತ್ತರದ ಸ್ವರ ಈಗಲೇ ನಿಮ್ಮ ಕಂಠದ ಅಂಚಿನಲ್ಲಿದ್ದರೆ ಅಲ್ಲಿಗೇ ಮುಗಿಯಿತು.

ನಿಮ್ಮ ತೊಂದರೆಯನ್ನು ಎಣಿಸಿಯೇ ನೋಡಬಹುದು. ಎರಡು ಚರಣ, ಎರಡು ಪಲ್ಲವಿ ಸೇರಿ 32 ಬಾರ್. ನಾಲ್ಕು ಬಾರಿನ ಸುತ್ತು ಅಷ್ಟರಲ್ಲಿ ಎಂಟು ಸಲ ತಿರುಗಿರುತ್ತದೆ. ಕಿವಿಗೆ ಆ ನಾಲ್ಕು ಕಾರ್ಡ್‌ಗಳೂ, ಬಾರಿಗೊಮ್ಮೆ ಬದಲಾಗುವ ಅವುಗಳ ನಡಿಗೆಯೂ ಬಾಯಿಪಾಠವಾಗಿವೆ. ಅವನ್ನೇ Em ನಿಂದ ಆರಂಭಿಸಿದರೆ ಜಪಮಾಲೆಯನ್ನು ಬೇರೆ ಮಣಿಯಿಂದ ಎಣಿಸಿದಂತಾಗುತ್ತದೆ, ಅಷ್ಟೆ. ಮಾಲೆ ಅದೇ.

ಎರಡು ಕೆಲಸ ಮಾಡಿ. ಬ್ರಿಡ್ಜಿನ ಎಂಟು ಬಾರಿನಲ್ಲಿ G ಕಾರ್ಡ್ ಒಮ್ಮೆಯೂ ಬರಬಾರದು. ಅದೇ ಈ ಹಾಡಿನ ಮನೆ, ಕೊನೆಯ ಪಲ್ಲವಿಯ ಮೊದಲ ಬಾರಿಗೆ ಮೀಸಲು. ಹಾಗೆಯೇ ಕಾರ್ಡ್ ಬದಲಾಗುವ ವೇಗವನ್ನೂ ಬದಲಿಸಿ, ಒಂದೊಂದು ಮೂಲ ಸ್ವರದ ಮೇಲೆ ಎರಡು ಬಾರ್ ನಿಲ್ಲಿ. ನಿಮ್ಮ ಹಾಡಿಗೆ ನಾನಾದರೆ ಹೀಗೆ ಮಾಡುತ್ತೇನೆ:

```
| Am | Am | Bm | Bm |
| C  | Cm | D  | D  |
```

ಮಂದ್ರದ ತಂತಿಯಲ್ಲಿ A, B, C, D ಎಂದು ಮೆಟ್ಟಿಲು ಹತ್ತಿದಂತೆ ಕೇಳಿಸುತ್ತದೆ. ನಡುವಿನ Cm ಮಾತ್ರ ಹೊರಗಿನಿಂದ ಬಂದ ನೆಂಟ. C ಯಲ್ಲಿರುವ E ಸ್ವರ ಅರ್ಧ ಇಳಿದು E♭ ಆಗುತ್ತದೆ, ಮತ್ತೆ ಅರ್ಧ ಇಳಿದು D ಕಾರ್ಡಿನ D ಯನ್ನು ಸೇರುತ್ತದೆ. ಆ ಒಂದು ಎಳೆಯನ್ನೇ ಒಂದು ತಂತಿಯ ಮೇಲೆ ನುಡಿಸಿ ನೋಡಿ. ಎದೆಯಲ್ಲಿ ಏನೋ ಇಳಿದಂತಾಗುತ್ತದೆ.

ಮನೆಯ ಕಾರ್ಡನ್ನು ದೂರ ಇಡುವ ಈ ಉಪಾಯ ಹಳೆಯದು. 1930ರಲ್ಲಿ ಜಾರ್ಜ್ ಗರ್ಶ್ವಿನ್ ಬರೆದ 'ಐ ಗಾಟ್ ರಿದಮ್' ಹಾಡಿನ ಬ್ರಿಡ್ಜ್ ನಾಲ್ಕೇ ಕಾರ್ಡ್, ತಲಾ ಎರಡು ಬಾರ್. ನಿಮ್ಮ ಶ್ರುತಿಗೆ ತಂದರೆ B7, E7, A7, D7. ಜಾಝ್ ನುಡಿಸುವವರು ಇಂದಿಗೂ ಅದರ ಮೇಲೆ ಹೊಸ ಹೊಸ ರಾಗ ಕಟ್ಟುತ್ತಾರೆ. ಆದರೆ ಅದರ ಗುಣ ಕುಣಿಯುವಂಥದು, ನಿಮ್ಮ ತಂಗಿಯ ದುಃಖಕ್ಕೆ ಹೊಂದುವುದಿಲ್ಲ.

ಶ್ರುತಿಪೆಟ್ಟಿಗೆ:
ಗಮನಿಸಿ: G ಯನ್ನು ಷಡ್ಜ ಎಂದುಕೊಂಡರೆ ಇಷ್ಟು ಹೊತ್ತು ಹಾಡುತ್ತಿದ್ದದ್ದು ಶಂಕರಾಭರಣದ ಸ್ವರಗಳು. Cm ಬಂದಾಗ ಚತುಶ್ರುತಿ ಧೈವತ ಹೋಗಿ ಶುದ್ಧ ಧೈವತ ಬರುತ್ತದೆ. ಅದು ಸರಸಾಂಗಿಯ ಬಣ್ಣ. ಒಂದೇ ಸ್ವರ ಬದಲಾಗಿದ್ದಕ್ಕೆ ಇಷ್ಟು ವ್ಯತ್ಯಾಸ!

ನನ್ನದೂ ಒಂದು ತೊಂದರೆ ಇದೆ. ನಾನು ಭಾವಗೀತೆ ಹಾಡುವಾಗ ಶ್ರುತಿಪೆಟ್ಟಿಗೆ ಇಟ್ಟುಕೊಳ್ಳುತ್ತೇನೆ. ಈ ಕಾರ್ಡ್‌ಗಳನ್ನು ನಮ್ಮ ಹುಡುಗನ ಕೈಯಲ್ಲಿ ನುಡಿಸಿದೆ. ಕೆಳಗೆ ಸ, ಪ ಮೊರೆಯುತ್ತಲೇ ಇರುವುದರಿಂದ ಎಲ್ಲಿಗೂ ಹೋದಂತೆ ಅನ್ನಿಸಲೇ ಇಲ್ಲ.

ಹಳೆಯ ಕೀಬೋರ್ಡ್:
ಅನ್ನಿಸುವುದೂ ಇಲ್ಲ. ಷಡ್ಜ ಮೊರೆಯುತ್ತಿರುವಷ್ಟು ಹೊತ್ತು ನೀವು ಮನೆಯೊಳಗೇ ಇದ್ದೀರಿ. ಆ ಎಂಟು ಬಾರ್ ಪೆಟ್ಟಿಗೆಯನ್ನು ನಿಲ್ಲಿಸಿ ನೋಡಿ.

ಶ್ರುತಿಪೆಟ್ಟಿಗೆ:
ನಿಲ್ಲಿಸಿದರೆ ನನ್ನ ಶ್ರುತಿಯೇ ಹೋಗುತ್ತದೆಯಲ್ಲ!

ಕಾಗದದೋಣಿ:
ನನಗೆ ಕಾರ್ಡ್ ತಿಳಿಯದು, ಸಾಹಿತ್ಯ ಬರೆಯುವವಳು. ನಿಮ್ಮ ಬ್ರಿಡ್ಜಿನ ಮಾತುಗಳು ಚರಣದಲ್ಲಿ ಹೇಳಿದ್ದನ್ನೇ ಹೇಳುತ್ತಿವೆ. ತಂಗಿ ಕಾದಳು, ಮತ್ತೆ ಕಾದಳು. ಕಾರ್ಡ್ ಎಷ್ಟು ಬದಲಿಸಿದರೂ ಹಾಡುವವಳು ಅದೇ ಕಿಟಕಿಯಲ್ಲಿ ನಿಂತಿದ್ದಾಳೆ. ಬ್ರಿಡ್ಜನ್ನು ಅಣ್ಣನಿಗೆ ಕೊಡಿ, ಆ ರಾತ್ರಿ ಅವನಿಗೆ ಏನು ಕಂಡಿತು ಎಂದು ಅವನೇ ಹೇಳಲಿ.

ಇನ್ನೊಂದು ಮಾತು. ಪಲ್ಲವಿಯಿಂದ "ನೀನು" ತೆಗೆದುಬಿಡಿ. "ಬಾಗಿಲು ತೆರೆದೇ ಇತ್ತು, ಹೇಳದೆ ಹೋದೆ." ಕನ್ನಡದಲ್ಲಿ "ನಾನು ಹೋದೆ", "ನೀನು ಹೋದೆ" ಎರಡಕ್ಕೂ ಕ್ರಿಯಾಪದ ಒಂದೇ. ಮೊದಲ ಎರಡು ಸಲ, ಚರಣದಲ್ಲಿ "ಅಣ್ಣಾ" ಎಂದು ಕರೆದಿರುವುದರಿಂದ, ಅದು ದೂರು. ಅಣ್ಣ ಮಾತಾಡಿದ ಮೇಲೆ ಅದೇ ಸಾಲು, ಒಂದಕ್ಷರವೂ ಬದಲಾಗದೆ, ಅವನ ತಪ್ಪೊಪ್ಪಿಗೆ.

ವೇದಿಕೆಹುಲಿ:
ವ್ಯಾಕರಣದ ಪ್ರಕಾರ "ನಾನು ಹೋದೆನು" ಅಲ್ಲವೇ?

ಕಾಗದದೋಣಿ:
ಹೌದು, "ಹೋದೆನು" ಎಂಬ ರೂಪ ಇದೆ. ಆದರೆ "ನಾನು ಹೋದೆ" ಎಂದೂ ಬರೆಯುತ್ತೇವೆ, ಹಾಡಿನಲ್ಲಿ ಅದೇ ಹೆಚ್ಚು. ಈ ಆಟ ಎಲ್ಲ ಕಾಲದಲ್ಲೂ ನಡೆಯುವುದಿಲ್ಲ ಎಂಬುದು ನಿಜವಾದ ಮಿತಿ. "ಹೋಗುತ್ತೇನೆ", "ಹೋಗುತ್ತೀಯೆ" ಎಂದೊಡನೆ ಯಾರು ಎಂದು ತಿಳಿದುಬಿಡುತ್ತದೆ. "ನೀವು" ಎಂದು ಕರೆಯುವ ಹಾಡಾದರೂ ಕೆಡುತ್ತದೆ, "ಹೋದಿರಿ" ಎನ್ನಬೇಕಾಗುತ್ತದೆ.

ಮಳೆಗಿಟಾರ್:
ಎರಡು ದಿನ ಕುಳಿತೆ. ಅಣ್ಣನ ದನಿಯಲ್ಲಿ ಬರೆದೆ: "ಕೊನೆಯ ಬಸ್ಸು ಹತ್ತಿ ಕುಳಿತೆ, ಕಿಟಕಿ ಗಾಜು ಒರೆಸಿದೆ, ದೂರದ ದೀಪ ನೋಡಿದೆ." ಅದೇ ಗೆಳತಿಗೆ ಹಾಡಿ ತೋರಿಸಿದರೆ, ಅಣ್ಣ ಮಾತಾಡುತ್ತಿದ್ದಾನೆ ಎಂದು ಅವಳಿಗೆ ಗೊತ್ತೇ ಆಗಲಿಲ್ಲ. ತಂಗಿ ಊಹಿಸಿಕೊಂಡು ಹೇಳುತ್ತಿದ್ದಾಳೆ ಎಂದುಕೊಂಡಳು. ಮತ್ತೊಂದು: Cm ಬರುವ ಕಡೆ ನನ್ನ ದನಿ ಅಪಸ್ವರವಾಗುತ್ತಿದೆ. ಗಿಟಾರ್ ಶ್ರುತಿ ಸರಿ ಇದೆ, ನೋಡಿದ್ದೇನೆ.

ಕಾಗದದೋಣಿ:
ಪಲ್ಲವಿಯಲ್ಲಿ ವರವಾದದ್ದು ಬ್ರಿಡ್ಜಿನಲ್ಲಿ ಶಾಪವಾಗಿದೆ. "ಕುಳಿತೆ, ಒರೆಸಿದೆ, ನೋಡಿದೆ" ಮೂರನ್ನೂ "ನೀನು" ಎಂದೇ ಕೇಳಬಹುದು. ಇಲ್ಲಿ ಸರ್ವನಾಮ ಬೇಕೇ ಬೇಕು, ಅದೂ ಮೊದಲ ಸಾಲಿನಲ್ಲೇ. ಒಂದು ಕರಡು ಕೊಡುತ್ತೇನೆ, ಬೇಕಾದಂತೆ ತಿದ್ದಿಕೊಳ್ಳಿ:

ಕೊನೆಯ ಬಸ್ಸಿನಲ್ಲಿ ನಾನು ಒಬ್ಬನೇ ಇದ್ದೆ
ತಂಗೀ, ನಿನ್ನ ಕೋಣೆಯ ದೀಪ ಕಂಡಿತ್ತು
ಎಬ್ಬಿಸಿದ್ದರೆ ನೀನು ಬೇಡ ಎನ್ನುತ್ತಿದ್ದೆ
ಬೇಡ ಎಂದಿದ್ದರೆ ನಾನು ಉಳಿಯುತ್ತಿದ್ದೆ

"ಒಬ್ಬನೇ" ಎಂದಾಗಲೇ ಗಂಡು ದನಿ ಎಂದು ತಿಳಿಯುತ್ತದೆ, ಹಾಡುವವರು ನೀವೇ ಆಗಿದ್ದರೂ.

ಹಳೆಯ ಕೀಬೋರ್ಡ್:
ಅಪಸ್ವರದ ಕಾರಣ ಬಹುಶಃ ಇದು: ಆರನೆಯ ಬಾರಿನಲ್ಲಿ ನೀವು ಹಳೆಯ ಅಭ್ಯಾಸದಂತೆ E ಯನ್ನೇ ಹಾಡುತ್ತಿದ್ದೀರಿ, ಕೆಳಗೆ ಕಾರ್ಡು E♭ ಎನ್ನುತ್ತಿದೆ. ಅರ್ಧ ಸ್ವರದ ಜಗಳ. ಪರೀಕ್ಷಿಸುವುದು ಸುಲಭ. ಆ ಬಾರಿನಲ್ಲಿ ಮತ್ತೆ C ಯನ್ನೇ ನುಡಿಸಿ. ಅಪಸ್ವರ ಹೋದರೆ ತಪ್ಪು ರಾಗದಲ್ಲಿದೆ, ಕಾರ್ಡಿನಲ್ಲಲ್ಲ. ಕಾಗದದೋಣಿಯವರ ಮೂರನೆಯ ಸಾಲಿನ "ಬೇಡ" ಸರಿಯಾಗಿ ಅಲ್ಲಿಗೇ ಬಂದು ಬೀಳುತ್ತದೆ. "ಬೇ" ಅಕ್ಷರವನ್ನು E♭ ನಲ್ಲಿ ಎಳೆದು ಹಾಡಿ. ಕಷ್ಟವಾದರೆ ಮೊದಲು ಆ ಸ್ವರವನ್ನು ತಂತಿಯ ಮೇಲೆ ಮೀಟಿ ಕಿವಿಗೆ ತುಂಬಿಕೊಳ್ಳಿ.

ಕೊನೆಯ ಸಾಲು G ಸ್ವರದಲ್ಲಿ ಮುಗಿಯದಿರಲಿ. "ಉಳಿಯುತ್ತಿದ್ದೆ" A ಯಲ್ಲಿ ನಿಲ್ಲಲಿ. ಎಂಟನೆಯ ಬಾರಿನಲ್ಲಿ D ಒಂದು ಮೀಟು, ಆಮೇಲೆ ಕೈ ಎತ್ತಿಬಿಡಿ.

ಮಳೆಗಿಟಾರ್:
C ನುಡಿಸಿ ನೋಡಿದೆ, ಅಪಸ್ವರ ಮಾಯ. ಅಂದರೆ ತಪ್ಪು ನನ್ನ ಗಂಟಲಿನದೇ. "ಬೇ" ಇಳಿಸಲು ಒಂದು ಸಂಜೆ ಹಿಡಿಯಿತು, ಈಗ ಹತ್ತರಲ್ಲಿ ಏಳು ಸಲ ಸರಿ ಬರುತ್ತಿದೆ. ಗೆಳತಿ ಈ ಸಲ ಕೊನೆಯ ಪಲ್ಲವಿ ಮುಗಿಯುವವರೆಗೂ ಸುಮ್ಮನಿದ್ದು, "ಈಗ ಹಾಡಿದ್ದು ಅಣ್ಣನೋ ತಂಗಿಯೋ?" ಎಂದಳು. "ನೀನು" ತೆಗೆದ ಜಾಗದಲ್ಲಿ ಏನೂ ತುಂಬಿಲ್ಲ, ಎರಡು ಮಾತ್ರೆ ಖಾಲಿ ಬಿಟ್ಟಿದ್ದೇನೆ.

ಧಾರವಾಡದವ:
ತಡವಾಗಿ ಬಂದೆ. ನಮ್ಮ ಕಡೆ "ನೀ ಹೋದಿ" ಎನ್ನುತ್ತಾರೆ. ನಿಮ್ಮ ಪಲ್ಲವಿ ಮೊದಲ ಸಲ ಕೇಳಿದಾಗಲೇ ನನ್ನ ಕಿವಿಗೆ "ನಾನು ಹೋದೆ" ಎಂದು ಬಿತ್ತು. ಹೋದವಳು ತಂಗಿಯೇ ಎಂದುಕೊಂಡು ಬ್ರಿಡ್ಜ್‌ವರೆಗೂ ಕೇಳಿದೆ. ಇದಕ್ಕೇನು ಮಾಡುತ್ತೀರಿ?

ಕಾಗದದೋಣಿ:
ಇದು ನನಗೆ ಹೊಳೆದೇ ಇರಲಿಲ್ಲ. ಮೊದಲ ಪಲ್ಲವಿಯಲ್ಲಿ ಮಾತ್ರ "ನೀನು" ಉಳಿಸಿಕೊಂಡು, ಎರಡನೆಯದರಿಂದ ಬಿಡಬಹುದೇನೋ. ಆದರೆ ಹಾಗೆ ಮಾಡಿದರೆ ಕೊನೆಯ ಸಲ "ಒಂದಕ್ಷರವೂ ಬದಲಾಗಿಲ್ಲ" ಎನ್ನುವ ಸೊಗಸು ಸ್ವಲ್ಪ ಕಡಿಮೆಯಾಗುತ್ತದೆ.

ಮಳೆಗಿಟಾರ್:
ಎರಡನ್ನೂ ಧ್ವನಿಮುದ್ರಿಸಿಕೊಂಡು ಧಾರವಾಡದವರಿಗೇ ಕಳುಹಿಸುತ್ತೇನೆ, ಕೇಳಿ ಹೇಳಿ ಸರ್.

ಶ್ರುತಿಪೆಟ್ಟಿಗೆ:
ಪೆಟ್ಟಿಗೆ ನಿಲ್ಲಿಸಿ ಹಾಡಿ ನೋಡಿದೆ. ಬ್ರಿಡ್ಜ್ ಚೆನ್ನಾಗಿ ಬಂತು. ಮರಳಿ ಪಲ್ಲವಿಗೆ ಬಂದಾಗ ಪೆಟ್ಟಿಗೆಗಿಂತ ಕಾಲು ಸ್ವರ ಕೆಳಗಿದ್ದೆ.