ಅಪ್‌ಡೇಟ್: ಮ್ಯಾನೇಜರ್ ಬಿಟ್ಟುಹೋಗಿ ಒಂದು ತಿಂಗಳು

ಆಗ ನಾನು ಕೇಳಿದ್ದು: "ಅಕೌಂಟ್ಸ್ ಮ್ಯಾನೇಜರ್ ದಿಢೀರಂತ ಕೆಲಸ ಬಿಟ್ಟರು. ಹೊಸಬರು ಬರೋವರೆಗೆ ನೀವೇ ನೋಡ್ಕೊಳ್ಳಿ ಅಂದಿದ್ದಾರೆ. ಐದು ಜನರ ಟೀಮು. ಎಲ್ಲಿಂದ ಶುರು ಮಾಡಲಿ?"

ಕ್ಯಾಲೆಂಡರಿನಿಂದ ಶುರು ಮಾಡಿದೆ. 7ಕ್ಕೆ ಟಿಡಿಎಸ್, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ. ಪ್ರತಿಯೊಂದರ ಪಕ್ಕ ಮಾಡುವವರು ಯಾರು, ಒಪ್ಪಿಗೆ ಕೊಡುವವರು ಯಾರು ಅಂತ ಬರೆದೆವು. ಒಪ್ಪಿಗೆ ಕೊಡುವವರ ಸಾಲಿನ ತುಂಬಾ ಬಿಟ್ಟುಹೋದ ಮ್ಯಾನೇಜರ್ ಸಾರ್ ಹೆಸರೇ! ಜಿಎಸ್‌ಟಿ ಒಟಿಪಿ ಕೂಡ ಅವರ ಮೊಬೈಲಿಗೇ ಹೋಗ್ತಿತ್ತು. ಕೇಳಿದರೆ ಹೇಳ್ತಿದ್ದರು, ಪಾಪ. ಆದರೆ ಎಷ್ಟು ದಿನ? ಮಾಲೀಕರನ್ನು ಹಿಡಿದು ಪೋರ್ಟಲ್‌ನಲ್ಲಿ ಸಹಿದಾರರ ವಿವರ, ನಂಬರ್ ಬದಲಾಯಿಸಿದ್ದು 9ನೇ ತಾರೀಖು ಸಂಜೆ.

ತಪ್ಪೂ ಮಾಡಿದೆ. ಸಾರ್ ಮಾಡ್ತಿದ್ದ ಚೆಕಿಂಗ್ ಎಲ್ಲ ನಾನೇ ಎಳ್ಕೊಂಡೆ. ಎರಡನೇ ವಾರಕ್ಕೆ ನನ್ನ ಮೇಜಿನ ಮೇಲೆ 40 ಸಪ್ಲೈಯರ್ ಬಿಲ್ಲು, ಹೊರಗೆ ದುಡ್ಡಿಗೆ ಕಾಯೋರ ಫೋನು. "50 ಸಾವಿರದೊಳಗಿಂದು ನನಗೆ ಬಿಡಿ ಮೇಡಂ" ಅಂದರು ನಮ್ಮ ಸೀನಿಯರ್ ಒಬ್ಬರು. ಆ ಮಿತಿಯನ್ನು ಮಾಲೀಕರಿಂದ ಮೇಲ್‌ನಲ್ಲೇ ಬರೆಸಿಕೊಂಡೆ. ಬಾಯಿಮಾತು ಆಡಿಟ್‌ನಲ್ಲಿ ನಡೆಯಲ್ಲ.

ಇನ್‌ಕ್ರಿಮೆಂಟ್ ಕಥೆ ಏನು ಅಂತ ಹುಡುಗರು ಕೇಳಿದಾಗ, "ನನ್ನ ಕೈಲಿಲ್ಲ, ಕೇಳಿ ಶುಕ್ರವಾರ ಹೇಳ್ತೀನಿ" ಅಂದೆ. ಶುಕ್ರವಾರ ಹೇಳಿದ್ದು "ಇನ್ನೂ ತೀರ್ಮಾನ ಆಗಿಲ್ಲ" ಅಂತಷ್ಟೇ. ಆದರೂ ಯಾರೂ ಗುಸುಗುಸು ಶುರು ಮಾಡಲಿಲ್ಲ. 3ಬಿ 19ಕ್ಕೇ ಹೋಯ್ತು.