ಪದಚರ್ಚೆ: ಚಿಪ್‌ನ ‘ಯೀಲ್ಡ್’ಗೆ ಇಳುವರಿ ಅನ್ನಬಹುದಾ?

ಕೇಳಿದವರು (ಅನುವಾದಕಿ, ಮೈಸೂರು):
ಚಿಪ್ ತಯಾರಿಕೆಯ ಖರ್ಚಿನ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ವೇಫರ್ ಅನ್ನೋ ಸಿಲಿಕಾನ್ ಬಿಲ್ಲೆ ಕೊಯ್ದಾಗ ಸಿಗುವ ಡೈಗಳಲ್ಲಿ ಕೆಲಸ ಮಾಡುವಂಥವು ಎಷ್ಟು ಪಾಲು ಅನ್ನೋದಕ್ಕೆ ಯೀಲ್ಡ್ ಅಂತಾರೆ. ‘ಇಳುವರಿ’ ಅಂತ ಬರೆದು ಅಳಿಸಿದೆ. ಇಳುವರಿ ಅಂದ್ರೆ ಎಕರೆಗೆ ಇಷ್ಟು ಕ್ವಿಂಟಲ್ ಅಲ್ವಾ? ಇಲ್ಲಿ ಬೇಕಿರುವುದು 0.9, 0.67 ಥರದ ಪಾಲು. ಡಿಫೆಕ್ಟ್ ಡೆನ್ಸಿಟಿಗೆ ಏನನ್ನೋದು ಅಂತಲೂ ತಿಳಿಸಿ.

ತುಮಕೂರಿನಿಂದ:
ಎಕರೆ ಜಾಗದಲ್ಲಿ ವೇಫರ್, ರಾಗಿ ಜಾಗದಲ್ಲಿ ಚಿಪ್. ಒಂದು ವೇಫರ್‌ಗೆ ಎಷ್ಟು ಸಿಕ್ಕಿತೋ ಅದೇ ಇಳುವರಿ. ಡೈ ನಾಲ್ಕು ಪಟ್ಟು ದೊಡ್ಡದಾದರೆ ಬೆಲೆಯೂ ನಾಲ್ಕು ಪಟ್ಟು. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಪೀಣ್ಯದಿಂದ:
ಡೈ ಅಂದ್ರೆ ಅಚ್ಚು. ನಮ್ಮ ಶೆಡ್‌ನಲ್ಲಿ ಒಂದು ಡೈ ಮಾಡಿಸಿದರೆ ಸಾವಿರಾರು ಪೀಸು ಬರುತ್ತವೆ. ಅದನ್ನು ಕೊಯ್ಯುವುದು ಯಾಕೆ?

ಬೆಂಗಳೂರಿನಿಂದ (ಚಿಪ್ ಟೆಸ್ಟಿಂಗ್ ಕೆಲಸ):
ಪೀಣ್ಯದವರೇ, ಇದು ಅಚ್ಚಲ್ಲ, ವೇಫರ್‌ನಿಂದ ಕತ್ತರಿಸಿದ ತುಂಡು. ಹೆಸರು ಮಾತ್ರ ಒಂದೇ.

ಬೆಲೆ ನಾಲ್ಕು ಪಟ್ಟಿಗೆ ನಿಲ್ಲುವುದಿಲ್ಲ. 300 ಮಿ.ಮೀ. ವೇಫರ್‌ಗೆ 5 ಲಕ್ಷ ರೂಪಾಯಿ ಅಂತ ಇಟ್ಟುಕೊಳ್ಳಿ, ಚದರ ಸೆಂ.ಮೀ.ಗೆ 0.1 ದೋಷ. Y ಅಂದ್ರೆ ಯೀಲ್ಡ್, A ಡೈ ವಿಸ್ತೀರ್ಣ, D ಡಿಫೆಕ್ಟ್ ಡೆನ್ಸಿಟಿ, ಅಂದರೆ ಆ 0.1. ಸೂತ್ರ ಇದು:

```
Y = e^(-A*D)
```

ಡೈ 1 ಚ.ಸೆಂ.ಮೀ. ಇದ್ದರೆ ಸುಮಾರು 640 ತುಂಡು, Y 0.905. ಸರಿಯಾದವು 579, ಒಂದಕ್ಕೆ ಸುಮಾರು 864 ರೂಪಾಯಿ. 4 ಚ.ಸೆಂ.ಮೀ. ಆದರೆ 160 ಅಲ್ಲ, 143 ತುಂಡು. ದುಂಡು ವೇಫರ್‌ನ ಅಂಚಿನಲ್ಲಿ ದೊಡ್ಡ ಚೌಕಗಳು ಜಾಸ್ತಿ ಹಾಳಾಗುತ್ತವೆ. ಮೇಲೆ Y 0.67ಕ್ಕೆ ಇಳಿಯುತ್ತದೆ, ಯಾಕಂದ್ರೆ ದೊಡ್ಡ ತುಂಡಿನ ಮೇಲೆ ದೋಷ ಬೀಳುವ ಸಾಧ್ಯತೆ ಜಾಸ್ತಿ. ಉಳಿಯುವುದು 96, ತಲಾ ಸುಮಾರು 5,200 ರೂಪಾಯಿ. ಅಂದರೆ ಆರು ಪಟ್ಟು! ಪ್ಯಾಕಿಂಗು, ಟೆಸ್ಟಿಂಗು ಇದರಲ್ಲಿ ಸೇರಿಲ್ಲ.

ಅನುವಾದದಲ್ಲಿ ಅಳತೆ ನೋಡಿಕೊಳ್ಳಿ. ಡೈ ವಿಸ್ತೀರ್ಣ ಸಾಮಾನ್ಯವಾಗಿ ಚದರ ಮಿ.ಮೀ.ನಲ್ಲಿರುತ್ತದೆ. 400 ಅಂತ ಹಾಗೇ ಹಾಕಿದರೆ Y ಹೆಚ್ಚುಕಡಿಮೆ ಸೊನ್ನೆ ಬರುತ್ತದೆ. ನಾನೂ ಹೊಸದರಲ್ಲಿ ಹಾಗೆ ಮಾಡಿ, ಅರ್ಧ ದಿನ ಶೀಟನ್ನೇ ಬೈದಿದ್ದೆ.

ಮಂಡ್ಯದಿಂದ:
ಪದದ ಮಾತಿಗೆ ಬರೋಣ. ನಮ್ಮ ಕಡೆ ಇಳುವರಿಗೆ ಎರಡೂ ಅರ್ಥ ಇದೆ. ಎಕರೆಗೆ ಇಷ್ಟು ಟನ್ ಕಬ್ಬು ಅನ್ನುವುದೂ ಇಳುವರಿ, ಅರೆದ ಕಬ್ಬಿನಲ್ಲಿ ಶೇ 10 ಸಕ್ಕರೆ ಅನ್ನುವುದೂ ಇಳುವರಿ. ಕಬ್ಬಿನ ದರದ ಜಗಳವೆಲ್ಲ ಈ ಎರಡನೆಯದರ ಮೇಲೇ. ನಿಮ್ಮ 0.67 ಅಂದ್ರೆ ಶೇ 67 ಇಳುವರಿ. ಧೈರ್ಯವಾಗಿ ಬರೆಯಿರಿ.

ಕೇಳಿದವರು:
ಸಕ್ಕರೆ ಕಾರ್ಖಾನೆ ಹೊಳೆದೇ ಇರಲಿಲ್ಲ! ಇಳುವರಿಯನ್ನು ವಾಪಸ್ ಹಾಕಿದೆ. D ಬಾಕಿ ಇದೆ. ‘ದೋಷ ಸಾಂದ್ರತೆ’ ಭಾರ ಅನಿಸುತ್ತದೆ. ‘ದೋಷದ ದಟ್ಟಣೆ’ ಅನ್ನಲೇ?

ಬೆಂಗಳೂರಿನಿಂದ:
ದಟ್ಟಣೆ ಅಂದ್ರೆ ನನಗೆ ಸಿಲ್ಕ್ ಬೋರ್ಡ್ ಜಂಕ್ಷನ್ ನೆನಪಾಗುತ್ತದೆ, ಒಂದೇ ಕಡೆ ಗುಂಪು. ಈ ಸೂತ್ರ ದೋಷಗಳು ಎಲ್ಲೆಂದರಲ್ಲಿ ಚೆಲ್ಲಿವೆ ಅಂತ ಹಿಡಿಯುತ್ತದೆ. ನಿಜವಾಗಿ ಗುಂಪುಗೂಡಿದರೆ, ಸೂತ್ರ ಹೇಳಿದ್ದಕ್ಕಿಂತ ಇಳುವರಿ ಜಾಸ್ತಿಯೇ ಬರುತ್ತದೆ.

ತುಮಕೂರಿನಿಂದ:
ಆರು ಪಟ್ಟು ಒಪ್ಪಿದೆ. ಆದ್ರೆ ದಟ್ಟ ಕಾಡು ಅಂತೀವಲ್ಲ, ಅದು ಒಂದೇ ಕಡೆ ಗುಂಪಾ? ನನ್ನ ಓಟು ದಟ್ಟಣೆಗೇ.